ಬಿಲ್ಲು ಬಂತು, ಪ್ರಶ್ನೆ ಬರಲಿಲ್ಲ

ಬೆಳಗಿನ ಹಾಲು ಶೇಖರಣೆ ಮುಗಿದು, ಕ್ಯಾನುಗಳು ಲಾರಿ ಹತ್ತಿದ ಮೇಲೆ ಸಂಘದ ಕಾರ್ಯದರ್ಶಿ ಆಡಳಿತ ಮಂಡಳಿಯ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಹಾಕಿದರು. ತಾಲ್ಲೂಕು ಕೇಂದ್ರದ ಅಂಗಡಿಯೊಂದರ ಬಿಲ್ಲು ಅದು. ಮೊತ್ತ 64,356 ರೂಪಾಯಿ. ಫೋಟೊದ ಜೊತೆ ಒಂದು ಮಾತೂ ಇರಲಿಲ್ಲ. ನೋಡಿ ಎಂದಿಲ್ಲ, ಪಾಸು ಮಾಡಿ ಎಂದಿಲ್ಲ, ಹಣ ಕೊಟ್ಟಾಯಿತು ಎಂದೂ ಇಲ್ಲ. ಅರ್ಧ ಗಂಟೆಯೊಳಗೆ ನಾಲ್ವರು ನಿರ್ದೇಶಕಿಯರು ಹೆಬ್ಬೆರಳಿನ ಗುರುತು ಒತ್ತಿದರು. ಅಲ್ಲಿಗೆ ಬಿಲ್ಲು ಒಪ್ಪಿಗೆಯಾದಂತೆಯೇ.

ಒಬ್ಬ ನಿರ್ದೇಶಕಿ ಮಾತ್ರ ಒತ್ತಲಿಲ್ಲ. ಅವರು ಹತ್ತು ವರ್ಷದಿಂದ ಸ್ತ್ರೀಶಕ್ತಿ ಗುಂಪಿನ ಲೆಕ್ಕ ಬರೆದವರು. ಹಸುಗಳಿಗೆ ಮೇವು ಹಾಕಿ ಬಂದು, ಕನ್ನಡಕ ಹಾಕಿಕೊಂಡು, ಮಗಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲ್ ಹಿಡಿದು ಕುಳಿತರು. ಆಮೇಲೆ ಕಾರ್ಯದರ್ಶಿಗೆ ಫೋನ್ ಮಾಡಿದರು.

"ಅಕ್ಕ, ಬಿಲ್ಲು ಹಾಕಿದ್ದೀರಲ್ಲ, ಏನು ಮಾಡ್ಬೇಕು ಅಂತ ಹೇಳ್ಲೇ ಇಲ್ವಲ್ಲ? ದುಡ್ಡು ಕೊಟ್ಟಾಯ್ತಾ?"

"ಇಲ್ಲ ಕಣಮ್ಮ, ನಾಳೆ ಚೆಕ್ ಬರೀಬೇಕು. ನಂಗೇ ಯಾಕೋ ಜಾಸ್ತಿ ಆಯ್ತು ಅನ್ನಿಸ್ತಿತ್ತು. ಎಲ್ಲಿ ಜಾಸ್ತಿ ಅಂತ ಗೊತ್ತಾಗ್ಲಿಲ್ಲ. ಕೇಳಿದ್ರೆ ಇಷ್ಟೂ ಬರಲ್ವಾ ಅಂತೀರೇನೋ ಅಂತ ಸುಮ್ನೆ ಹಾಕ್ಬಿಟ್ಟೆ."

ಆ ಬಿಲ್ಲಿನಲ್ಲಿ ಸಂಘ ಕೊಡಬೇಕಾಗಿರದ 2,076 ರೂಪಾಯಿ ಸೇರಿತ್ತು. ಲೀಟರಿಗೆ 35 ರೂಪಾಯಿಯಂತೆ ಲೆಕ್ಕ ಹಾಕಿದರೆ ಸುಮಾರು 59 ಲೀಟರ್ ಹಾಲಿನ ಹಣ. ಅಂಗಡಿಯವರು ಮೋಸ ಮಾಡಿದ್ದರು ಎಂದು ಹೇಳಲಾಗದು. ಮೂರು ಬೇರೆ ಬೇರೆ ತಪ್ಪುಗಳು ಒಂದೇ ಹಾಳೆಯಲ್ಲಿ ಸೇರಿಕೊಂಡಿದ್ದವು, ಅಷ್ಟೇ. ಅವನ್ನು ಆ ನಿರ್ದೇಶಕಿ ಹೇಗೆ ಕಂಡುಹಿಡಿದರು ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ. ನೀವೂ ಒಂದು ಕಾಗದ, ಪೆನ್ಸಿಲ್ ತೆಗೆದುಕೊಂಡು ಜೊತೆಯಲ್ಲೇ ಲೆಕ್ಕ ಮಾಡಿದರೆ ಹೆಚ್ಚು ಉಪಯೋಗ.

ಬಿಲ್ಲಿನಲ್ಲಿ ಇದ್ದದ್ದು

ಬಿಲ್ಲಿನ ದಿನಾಂಕ 2025ರ ಅಕ್ಟೋಬರ್ 18. ಒಟ್ಟು ಆರು ಸಾಲು.

1. ಅಲ್ಯೂಮಿನಿಯಂ ಹಾಲಿನ ಕ್ಯಾನ್, 40 ಲೀಟರ್: 4 × 3,200 = 12,800. ತೆರಿಗೆ ಶೇ. 12
2. ಎಲೆಕ್ಟ್ರಾನಿಕ್ ತೂಕದ ಯಂತ್ರ: 1 × 8,500 = 8,500. ತೆರಿಗೆ ಶೇ. 18
3. ಪ್ಲಾಸ್ಟಿಕ್ ಬಕೆಟ್: 6 × 185 = 1,210. ತೆರಿಗೆ ಶೇ. 18
4. ಗೋಧಿ ಬೂಸಾ, 50 ಕೆ.ಜಿ. ಚೀಲ: 20 × 1,250 = 25,000. ತೆರಿಗೆ ಇಲ್ಲ
5. ತೂಕದ ಯಂತ್ರದ ಬ್ಯಾಟರಿ: 1 × 900 = 900. ತೆರಿಗೆ ಶೇ. 18
6. ವೀಟ್ ಬ್ರ್ಯಾನ್, 50 ಕೆ.ಜಿ.: 10 × 1,250 = 12,500. ತೆರಿಗೆ ಇಲ್ಲ

ಕೆಳಗೆ ಸರಕಿನ ಮೊತ್ತ 60,910. ಕೇಂದ್ರ ಜಿಎಸ್‌ಟಿ 1,722.90, ರಾಜ್ಯ ಜಿಎಸ್‌ಟಿ 1,722.90. ಒಟ್ಟು 64,355.80. ಅದನ್ನು ಪೂರ್ಣ ರೂಪಾಯಿಗೆ ತಂದು 64,356.

ನೋಡಲು ಅಚ್ಚುಕಟ್ಟಾಗಿದೆ. ಕಂಪ್ಯೂಟರಿನಲ್ಲಿ ಮುದ್ರಿಸಿದ ಬಿಲ್ಲು, ಮುದ್ರೆ, ಸಹಿ ಎಲ್ಲವೂ ಇವೆ. ಇಂಥ ಬಿಲ್ಲು ಕಂಡಾಗ "ಕಂಪ್ಯೂಟರ್ ಲೆಕ್ಕ ತಪ್ಪುತ್ತದೆಯೇ" ಎಂಬ ಭಾವನೆ ಬರುವುದು ಸಹಜ. ಆದರೆ ಕಂಪ್ಯೂಟರಿನಿಂದ ಬಂದ ಬಿಲ್ಲುಗಳೆಲ್ಲ ಒಂದೇ ಬಗೆಯವಲ್ಲ. ಬಿಲ್ಲಿಂಗ್ ತಂತ್ರಾಂಶದಲ್ಲಿ ಮಾಡಿದ ಬಿಲ್ಲಿನಲ್ಲಿ ಗುಣಾಕಾರವನ್ನು ಯಂತ್ರವೇ ಮಾಡುತ್ತದೆ. ಹಳೆಯ ಬಿಲ್ಲಿನ ನಮೂನೆಯನ್ನು ತೆರೆದು ಅದರ ಮೇಲೆ ಹೊಸ ಅಂಕಿಗಳನ್ನು ಕೈಯಿಂದ ಟೈಪ್ ಮಾಡಿದರೆ, ಅದು ಕೈಬರಹದ ಬಿಲ್ಲಿಗಿಂತ ಹೆಚ್ಚು ನಂಬಿಕೆಗೆ ಅರ್ಹವಲ್ಲ. ಹಾಳೆ ನೋಡಿ ಇದು ಯಾವ ಬಗೆ ಎಂದು ಹೇಳಲು ಬರುವುದಿಲ್ಲ. ಹಾಗಾಗಿ ಎರಡನ್ನೂ ಒಂದೇ ರೀತಿ ಪರೀಕ್ಷಿಸಬೇಕು.

ಮೊದಲು ಅಡ್ಡ, ಆಮೇಲೆ ಉದ್ದ

ನಮ್ಮಲ್ಲಿ ಬಹಳ ಮಂದಿ ಬಿಲ್ಲು ಪರೀಕ್ಷೆ ಎಂದರೆ ಕೊನೆಯ ಕಾಲಂ ಅನ್ನು ಮೇಲಿನಿಂದ ಕೆಳಕ್ಕೆ ಕೂಡಿ ನೋಡುವುದು ಎಂದುಕೊಂಡಿದ್ದೇವೆ. ಈ ಬಿಲ್ಲನ್ನೂ ಹಾಗೆ ಕೂಡಿ ನೋಡಿ. 12,800ಕ್ಕೆ 8,500 ಸೇರಿಸಿದರೆ 21,300. ಅದಕ್ಕೆ 1,210 ಸೇರಿಸಿದರೆ 22,510. ಮತ್ತೆ 25,000 ಸೇರಿಸಿದರೆ 47,510. 900 ಸೇರಿ 48,410. ಕೊನೆಗೆ 12,500 ಸೇರಿ 60,910. ಬಿಲ್ಲಿನಲ್ಲೂ ಅಷ್ಟೇ ಇದೆ. ಉದ್ದದ ಲೆಕ್ಕ ಸರಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ತಪ್ಪು ಸಿಗುತ್ತಿರಲಿಲ್ಲ. ತಪ್ಪು ಅಂಕಿಯನ್ನು ಸರಿಯಾಗಿ ಕೂಡಿದರೆ ಉತ್ತರ ಸರಿಯಾಗಿಯೇ ಹೊಂದುತ್ತದೆ. ಅದಕ್ಕೇ ಅಡ್ಡ ಲೆಕ್ಕ ಮೊದಲು ಬೇಕು. ಪ್ರತಿ ಸಾಲಿನಲ್ಲೂ ಎಷ್ಟು ಸಂಖ್ಯೆ, ಒಂದಕ್ಕೆ ಎಷ್ಟು ದರ, ಗುಣಿಸಿದರೆ ಎಷ್ಟು ಎಂದು ನೋಡಬೇಕು. ನಾಲ್ಕು ಕ್ಯಾನ್, ಮೂರು ಸಾವಿರದ ಇನ್ನೂರು: 12,800, ಸರಿ. ಇಪ್ಪತ್ತು ಚೀಲ, ಸಾವಿರದ ಇನ್ನೂರೈವತ್ತು: 25,000, ಸರಿ. ಹತ್ತು ಚೀಲ: 12,500, ಸರಿ.

ಮೂರನೆಯ ಸಾಲಿಗೆ ಬಂದಾಗ ನಿರ್ದೇಶಕಿಯ ಪೆನ್ಸಿಲ್ ನಿಂತಿತು. ಆರು ಬಕೆಟ್, ಒಂದಕ್ಕೆ 185. ಆರು ನೂರು ಆರುನೂರು, ಆರು ಎಂಬತ್ತು ನಾನೂರ ಎಂಬತ್ತು, ಆರು ಐದು ಮೂವತ್ತು. ಒಟ್ಟು 1,110. ಬಿಲ್ಲಿನಲ್ಲಿ 1,210 ಇದೆ. ನೂರು ರೂಪಾಯಿ ಹೆಚ್ಚು. ಮೇಲಾಗಿ, ಆ ನೂರರ ಮೇಲೆ ಶೇ. 18ರಂತೆ ಇನ್ನೂ 18 ರೂಪಾಯಿ ತೆರಿಗೆ ಬಿದ್ದಿದೆ. ಸಾಲಿನಲ್ಲಿ ಆದ ತಪ್ಪು ತೆರಿಗೆಯನ್ನೂ ತನ್ನ ಜೊತೆ ಎಳೆದುಕೊಂಡು ಬರುತ್ತದೆ. ಈ ಒಂದು ಸಾಲಿನಿಂದ ಆದ ನಷ್ಟ 118 ರೂಪಾಯಿ.

ಅಡ್ಡ ಲೆಕ್ಕ ಮಾಡುವಾಗ ಸಂಖ್ಯೆಯನ್ನು ಬಿಲ್ಲಿನಿಂದ ಓದುವುದರ ಜೊತೆಗೆ ದಾಸ್ತಾನು ಪುಸ್ತಕದಿಂದಲೂ ಓದಬೇಕು. ಆರು ಬಕೆಟ್ ಎಂದು ಬಿಲ್ಲು ಹೇಳಿದರೆ ಡೇರಿಯಲ್ಲಿ ಆರು ಬಕೆಟ್ ಇವೆಯೇ? ಗುಣಾಕಾರ ಸರಿಯಿದ್ದೂ ಸರಕು ಕಡಿಮೆ ಬಂದಿದ್ದರೆ ಬಿಲ್ಲು ತಪ್ಪೇ.

ತೆರಿಗೆಯನ್ನು ಗುಂಪು ಮಾಡಿ ನೋಡುವುದು

ತೆರಿಗೆ ಎಂದ ಕೂಡಲೇ ಬಹಳ ಮಂದಿ ಕಣ್ಣು ತಿರುಗಿಸುತ್ತಾರೆ. ಅದು ಸರ್ಕಾರಕ್ಕೆ ಹೋಗುವ ಹಣ, ನಮಗೇನು ಎಂಬ ಭಾವನೆಯೂ ಇದೆ. ಆದರೆ ನಮ್ಮ ಸಂಘಗಳ ಮಟ್ಟಿಗೆ ಅದು ಹಾಗಲ್ಲ. ಒಬ್ಬ ವ್ಯಾಪಾರಿ ತಾನು ಕೊಂಡ ಸರಕಿಗೆ ಕೊಟ್ಟ ಜಿಎಸ್‌ಟಿಯನ್ನು ತಾನು ಮಾರುವಾಗ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುತ್ತಾನೆ. ಹಸಿ ಹಾಲಿಗೆ ಜಿಎಸ್‌ಟಿ ಇಲ್ಲ. ಹಾಲನ್ನಷ್ಟೇ ಕೊಂಡು ಒಕ್ಕೂಟಕ್ಕೆ ಕೊಡುವ ಹಳ್ಳಿಯ ಸಂಘಕ್ಕೆ ಹಾಗೆ ಕಳೆದುಕೊಳ್ಳಲು ದಾರಿಯೇ ಇಲ್ಲ. ಬಿಲ್ಲಿನಲ್ಲಿ ಕೊಟ್ಟ ತೆರಿಗೆ ಪೈಸೆಪೈಸೆಯೂ ಸಂಘದ ಖರ್ಚು. ವರ್ಷದ ಕೊನೆಗೆ ಉಳಿಯುವ ಲಾಭದಿಂದ, ಅಂದರೆ ನಿಮ್ಮ ಬೋನಸ್ಸಿನಿಂದ ಅದು ಹೋಗುತ್ತದೆ.

ಪರೀಕ್ಷಿಸುವ ಸುಲಭ ವಿಧಾನ ಇದು. ಬಿಲ್ಲಿನ ಸಾಲುಗಳನ್ನು ತೆರಿಗೆಯ ದರದಂತೆ ಗುಂಪು ಮಾಡಿಕೊಳ್ಳಿ. ಈ ಬಿಲ್ಲಿನಲ್ಲಿ ಮೂರು ಗುಂಪು. ತೆರಿಗೆ ಇಲ್ಲದ್ದು ಬೂಸಾದ ಎರಡು ಸಾಲು. ಶೇ. 12 ಇರುವುದು ಕ್ಯಾನ್. ಶೇ. 18 ಇರುವುದು ತೂಕದ ಯಂತ್ರ, ಬಕೆಟ್, ಬ್ಯಾಟರಿ. ಪ್ರತಿ ಗುಂಪನ್ನೂ ಮೊದಲು ಕೂಡಿ, ಆಮೇಲೆ ಒಂದೇ ಸಲ ತೆರಿಗೆ ಹಾಕಿ.

ಶೇಕಡಾ ಲೆಕ್ಕಕ್ಕೆ ಫೋನಿನ ಕ್ಯಾಲ್ಕುಲೇಟರ್ ಸಾಕು. ಅದು ಕೈಯಲ್ಲಿಲ್ಲದಿದ್ದರೂ ಕಷ್ಟವಿಲ್ಲ. ಯಾವುದೇ ಮೊತ್ತದ ಹತ್ತನೇ ಒಂದು ಭಾಗ ತೆಗೆಯಲು ಕೊನೆಯ ಒಂದು ಅಂಕಿಯನ್ನು ಸರಿಸಿದರೆ ಆಯಿತು. ಅದು ಶೇ. 10. ಅದರ ಅರ್ಧ ಶೇ. 5. ಶೇ. 18 ಬೇಕಾದರೆ ಶೇ. 10ನ್ನು ಎರಡು ಪಟ್ಟು ಮಾಡಿ, ಬಂದ ಮೊತ್ತದಲ್ಲಿ ಅದರದೇ ಹತ್ತನೇ ಭಾಗ ಕಳೆಯಿರಿ. ಬಿಲ್ಲಿನ ಶೇ. 18ರ ಗುಂಪು 8,500, 1,210, 900 ಸೇರಿ 10,610. ಅದರ ಹತ್ತನೇ ಭಾಗ 1,061. ಎರಡು ಪಟ್ಟು 2,122. ಅದರ ಹತ್ತನೇ ಭಾಗ 212.20 ಕಳೆದರೆ 1,909.80. ಕ್ಯಾನಿನ ಮೇಲೆ ಶೇ. 12 ಎಂದರೆ 1,536. ಎರಡೂ ಸೇರಿ 3,445.80. ಅದರ ಅರ್ಧ 1,722.90.

ನಮ್ಮ ರಾಜ್ಯದೊಳಗಿನ ವ್ಯಾಪಾರಿಯಿಂದ ಕೊಂಡರೆ ತೆರಿಗೆ ಹೀಗೆ ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ ಎಂದು ಎರಡು ಸಮಭಾಗವಾಗಿರುತ್ತದೆ. ಎರಡು ಅಂಕಿಗಳು ಒಂದೇ ಆಗಿರಬೇಕು. ಬೇರೆ ಬೇರೆ ಇದ್ದರೆ ಅಲ್ಲೇ ತಪ್ಪು ಇದೆ ಎಂದು ತಿಳಿಯಬಹುದು. ಹೊರರಾಜ್ಯದ ವ್ಯಾಪಾರಿ ಕಳಿಸಿದ ಬಿಲ್ಲಾದರೆ ಐಜಿಎಸ್‌ಟಿ ಎಂಬ ಒಂದೇ ಅಂಕಿ ಇರುತ್ತದೆ. ಒಂದೇ ಬಿಲ್ಲಿನಲ್ಲಿ ಒಂದೇ ಸರಕಿಗೆ ಮೂರೂ ಇರುವುದಕ್ಕೆ ಸಾಧ್ಯವಿಲ್ಲ.

ಹಾಗಾದರೆ ಈ ಬಿಲ್ಲಿನ ತೆರಿಗೆ ಲೆಕ್ಕ ಸರಿಯೇ? ಗುಣಾಕಾರ ಸರಿ. ಆದರೆ ದರ ತಪ್ಪು.

ದರಕ್ಕೂ ದಿನಾಂಕವಿದೆ

ಹಾಲಿನ ಕ್ಯಾನಿಗೆ, ಅದು ಕಬ್ಬಿಣದ್ದಾಗಲಿ, ಉಕ್ಕಿನದ್ದಾಗಲಿ, ಅಲ್ಯೂಮಿನಿಯಂನದ್ದಾಗಲಿ, ಶೇ. 12 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿದಿದೆ. ಈ ಸಂಘ ಕ್ಯಾನಿಗೆ ಹೇಳಿದ್ದು, ಕ್ಯಾನ್ ಬಂದದ್ದು, ಬಿಲ್ಲು ಬರೆದದ್ದು ಎಲ್ಲವೂ ಅಕ್ಟೋಬರಿನಲ್ಲಿ. ಆದ್ದರಿಂದ 12,800ರ ಮೇಲೆ ಶೇ. 5ರಂತೆ 640 ರೂಪಾಯಿ ಮಾತ್ರ ಬರಬೇಕಿತ್ತು. ಬಿಲ್ಲಿನಲ್ಲಿ 1,536 ಇದೆ. ವ್ಯತ್ಯಾಸ 896 ರೂಪಾಯಿ.

ಹಳೆಯ ಬಿಲ್ಲಿನ ನಮೂನೆಯ ಮೇಲೆಯೇ ಹೊಸ ಬಿಲ್ಲು ಬರೆಯುವ ಅಂಗಡಿಗಳಲ್ಲಿ ಇಂಥ ತಪ್ಪು ಸುಲಭವಾಗಿ ಆಗುತ್ತದೆ. ಸಂಖ್ಯೆ ಬದಲಾಯಿಸುತ್ತಾರೆ, ದಿನಾಂಕ ಬದಲಾಯಿಸುತ್ತಾರೆ, ತೆರಿಗೆಯ ಶೇಕಡಾ ಹಾಗೇ ಉಳಿದುಬಿಡುತ್ತದೆ. ಪೆನ್ಸಿಲ್ಲಿನಿಂದ ಎಷ್ಟು ಸಲ ಗುಣಿಸಿದರೂ ಇದು ಗೊತ್ತಾಗುವುದಿಲ್ಲ. ಏಕೆಂದರೆ 12ರಂತೆ ಗುಣಿಸಿದರೆ ಲೆಕ್ಕ ಹೊಂದುತ್ತದೆ. ಇದನ್ನು ಹಿಡಿಯಲು ಬಿಲ್ಲಿನ ಹೊರಗಿನ ಒಂದು ವಿಷಯ ಗೊತ್ತಿರಬೇಕು: ಈ ಸರಕಿಗೆ ಈ ದಿನ ಇರುವ ದರ ಎಷ್ಟು?

ಈ ನಿರ್ದೇಶಕಿಗೆ ಕ್ಯಾನಿನ ದರ ಬಾಯಿಪಾಠವೇನೂ ಇರಲಿಲ್ಲ. ಅನುಮಾನ ಬಂದದ್ದು ಬೇರೆ ಕಾರಣಕ್ಕೆ. ಸೆಪ್ಟೆಂಬರಿನಲ್ಲಿ ತುಪ್ಪ, ಬೆಣ್ಣೆ ಶೇ. 12ರಿಂದ 5ಕ್ಕೆ ಇಳಿದ ಸುದ್ದಿಯನ್ನು ಅವರು ಕೇಳಿದ್ದರು. ಹಾಗಾಗಿ ಬಿಲ್ಲಿನಲ್ಲಿ 12 ಎಂಬ ಅಂಕಿ ಕಂಡಾಗ "ಇದು ಈಗಲೂ ಇದೆಯೇ" ಎಂದು ಒಕ್ಕೂಟದ ಲೆಕ್ಕ ವಿಭಾಗಕ್ಕೆ ಫೋನ್ ಮಾಡಿ ಕೇಳಿದರು. ಎರಡು ನಿಮಿಷದಲ್ಲಿ ಉತ್ತರ ಸಿಕ್ಕಿತು. ನೀವೂ ಹಾಗೆಯೇ ಮಾಡಬಹುದು. ಸೆಪ್ಟೆಂಬರ್ 22ರ ನಂತರದ ಬಿಲ್ಲಿನಲ್ಲಿ ಶೇ. 12 ಕಂಡರೆ ಸುಮ್ಮನೆ ಬಿಡದೆ ವಿಚಾರಿಸಿ. ಇನ್ನೊಂದು ಕಡೆ, ಅದಕ್ಕಿಂತ ಮೊದಲೇ ಸರಕು ಬಂದು, ಬಿಲ್ಲೂ ಆಗಿದ್ದ ಹಳೆಯ ಕ್ಯಾನುಗಳಿಗೆ ಶೇ. 12 ಹಾಕಿದ್ದರೆ ಅದು ಸರಿಯೇ. ಅದನ್ನು ತಪ್ಪು ಎನ್ನಬಾರದು.

ತೆರಿಗೆಯ ವಿಷಯದಲ್ಲಿ ಇನ್ನೊಂದು ತಪ್ಪು ಆಗಾಗ ಆಗುತ್ತದೆ. ಅದು ತೆರಿಗೆ ಸೇರಿದ ಬೆಲೆಯ ಮೇಲೆ ಮತ್ತೆ ತೆರಿಗೆ ಹಾಕುವುದು. ಪೊಟ್ಟಣ ಅಥವಾ ಚೀಟಿಯ ಮೇಲೆ ಮುದ್ರಿಸಿದ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ನಮ್ಮ ನಿರ್ದೇಶಕಿ ಬಕೆಟ್ಟಿನ ಚೀಟಿ ನೋಡಿದರು. ಅದರಲ್ಲಿ 230 ಇತ್ತು. ಬಿಲ್ಲಿನ 185ಕ್ಕೆ ಶೇ. 18 ಸೇರಿಸಿದರೆ 218.30. ಚೀಟಿಯ ಬೆಲೆಗಿಂತ ಕಡಿಮೆಯೇ. ಹಾಗಾಗಿ ಅಲ್ಲಿ ತೊಂದರೆ ಇಲ್ಲ.

ಅಂಗಡಿಯವರು "ತೆರಿಗೆ ಸೇರಿ 1,180" ಎಂದು ಬೆಲೆ ಹೇಳಿದ್ದರೆ ಅದರೊಳಗಿನ ತೆರಿಗೆ ಎಷ್ಟು ಎಂದು ತೆಗೆಯುವ ಕ್ರಮವೇ ಬೇರೆ. 1,180ರ ಮೇಲೆ ಶೇ. 18 ಹಾಕಿದರೆ 212.40 ಬರುತ್ತದೆ. ಅದು ತಪ್ಪು. 1,180ನ್ನು 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. ಆಗ ತೆರಿಗೆ 180, ಸರಕಿನ ಬೆಲೆ 1,000. ತಾಳೆ ನೋಡಿ: ಸಾವಿರಕ್ಕೆ ಶೇ. 18 ಹಾಕಿದರೆ ಮತ್ತೆ 1,180 ಬರುತ್ತದೆ.

ಒಂದೇ ಸರಕು, ಎರಡು ಸಾಲು

ಇನ್ನು ಮೂರನೆಯ ಪರೀಕ್ಷೆ. ಒಂದೇ ವಸ್ತುವಿಗೆ ಎರಡು ಸಲ ಹಣ ಕೇಳಿದ್ದಾರೆಯೇ?

ಬಿಲ್ಲಿನ ನಾಲ್ಕನೇ ಸಾಲಿನಲ್ಲಿ ಗೋಧಿ ಬೂಸಾ, ಆರನೆಯದರಲ್ಲಿ ವೀಟ್ ಬ್ರ್ಯಾನ್. ಎರಡೂ ಒಂದೇ. ಹೆಸರು ಮಾತ್ರ ಬೇರೆ. ದರವೂ ಒಂದೇ, ಚೀಲದ ತೂಕವೂ ಒಂದೇ. ನೋಡಿದ ಕೂಡಲೇ "ಸಿಕ್ಕಿಬಿದ್ದರು" ಎನ್ನಿಸುತ್ತದೆ. 12,500 ರೂಪಾಯಿ ಎಂದರೆ ಸಣ್ಣ ಮೊತ್ತವಲ್ಲ. ಗುಂಪಿನಲ್ಲಿ ಅದನ್ನು ಬರೆದುಬಿಟ್ಟಿದ್ದರೆ ಅಂಗಡಿಯವರಿಗಿಂತ ಮೊದಲು ಕಾರ್ಯದರ್ಶಿಯ ಮೇಲೆ ಮಾತು ಬರುತ್ತಿತ್ತು.

ನಿರ್ದೇಶಕಿ ಬರೆಯಲಿಲ್ಲ. ಡೇರಿಗೆ ಹೋಗಿ ಡೆಲಿವರಿ ಚಲನ್ ತೆಗೆಸಿ ನೋಡಿದರು. ಅಕ್ಟೋಬರ್ 13ಕ್ಕೆ ಒಂದು ಚಲನ್, 20 ಚೀಲ. ಅಕ್ಟೋಬರ್ 16ಕ್ಕೆ ಇನ್ನೊಂದು ಚಲನ್, 10 ಚೀಲ. ದಾಸ್ತಾನು ಪುಸ್ತಕದಲ್ಲೂ ಆ ಎರಡು ದಿನ ಜಮಾ ಆಗಿದೆ. ಒಂದೇ ಸಲ ಅಷ್ಟು ಚೀಲ ಇಡಲು ಜಾಗವಿಲ್ಲದ್ದರಿಂದ ಎರಡು ಕಂತಿನಲ್ಲಿ ತರಿಸಿದ್ದರು. ಅಂಗಡಿಯಲ್ಲಿ ಒಂದು ದಿನ ಒಬ್ಬರು ಬರೆದಿದ್ದಾರೆ, ಇನ್ನೊಂದು ದಿನ ಇನ್ನೊಬ್ಬರು. ಎರಡು ಸಾಲೂ ನಿಜ. ಹಣ ಕೊಡಬೇಕಾದದ್ದೇ.

ನಿಜವಾಗಿ ಎರಡು ಸಲ ಬಿದ್ದದ್ದು ಹೆಸರೇ ಹೋಲದ ಸಾಲುಗಳಲ್ಲಿ. ಎರಡನೆಯ ಸಾಲು ತೂಕದ ಯಂತ್ರ, ಐದನೆಯದು ಬ್ಯಾಟರಿ. ನೋಡಿದರೆ ಬೇರೆ ಬೇರೆ ವಸ್ತುಗಳು. ಆದರೆ ಸಂಘ ಈ ಯಂತ್ರವನ್ನು ಕೊಳ್ಳುವ ಮೊದಲು ಪಡೆದಿದ್ದ ದರಪಟ್ಟಿಯಲ್ಲಿ "ಬ್ಯಾಟರಿ ಸಹಿತ 8,500" ಎಂದು ಬರೆದಿತ್ತು. ನಡಾವಳಿ ಪುಸ್ತಕದ ಠರಾವಿನಲ್ಲೂ ಅದೇ ಮಾತು. ಡೇರಿಯಲ್ಲಿ ಇರುವುದೂ ಒಂದೇ ಬ್ಯಾಟರಿ, ಅದು ಯಂತ್ರದ ಒಳಗಿದೆ. ಬೇರೆ ಬ್ಯಾಟರಿ ಬಂದಿಲ್ಲ. ಹಾಗಾಗಿ 900 ರೂಪಾಯಿಯೂ ಅದರ ಮೇಲಿನ ಶೇ. 18 ತೆರಿಗೆ 162 ರೂಪಾಯಿಯೂ ಸೇರಿ 1,062 ರೂಪಾಯಿ ಹೆಚ್ಚಾಗಿ ಬಿದ್ದಿತ್ತು.

ಈ ಎರಡು ಉದಾಹರಣೆಗಳಿಂದ ತಿಳಿಯುವುದು ಇಷ್ಟು. ಬಿಲ್ಲು ಒಂದನ್ನೇ ಮುಂದಿಟ್ಟುಕೊಂಡು ಗುಣಾಕಾರದ ತಪ್ಪನ್ನು ಖಚಿತವಾಗಿ ಹೇಳಬಹುದು. ಎರಡು ಸಲ ಬಂದ ಸಾಲಿನ ವಿಷಯದಲ್ಲಿ ಬಿಲ್ಲಿನಿಂದ ಅನುಮಾನ ಮಾತ್ರ ಹುಟ್ಟುತ್ತದೆ. ತೀರ್ಮಾನಕ್ಕೆ ದರಪಟ್ಟಿ, ಚಲನ್, ದಾಸ್ತಾನು ಪುಸ್ತಕ ಈ ಮೂರೂ ಬೇಕು. ಅವು ಕೈಗೆ ಬರುವವರೆಗೆ "ಇದು ತಪ್ಪು" ಎನ್ನದೆ "ಇದನ್ನು ಕೇಳಬೇಕು" ಎಂದಷ್ಟೇ ಬರೆಯಿರಿ.

ಸಾಲುಗಳಂತೆ ಇಡೀ ಬಿಲ್ಲೇ ಎರಡು ಸಲ ಬರುವುದೂ ಉಂಟು. ಸರಕಿನ ಬಿಲ್ಲನ್ನು ಮೂರು ಪ್ರತಿ ಮಾಡುವುದು ನಿಯಮ. ಕೊಳ್ಳುವವರಿಗೆ ಒಂದು, ಸಾಗಿಸುವವರಿಗೆ ಒಂದು, ಮಾರುವವರಿಗೆ ಒಂದು. ಲಾರಿಯವನು ತನ್ನ ಪ್ರತಿಯನ್ನು ಡೇರಿಯಲ್ಲೇ ಬಿಟ್ಟುಹೋಗುತ್ತಾನೆ. ವಾಟ್ಸಾಪಿನಲ್ಲಿ ಫೋಟೊ ಬಂದಿರುತ್ತದೆ. ವಾರದ ನಂತರ ಅಂಚೆಯಲ್ಲಿ ಮೂಲ ಪ್ರತಿ ಬರುತ್ತದೆ. ಫೋಟೊ ನೋಡಿ ಒಂದು ಸಲ, ಕಾಗದ ನೋಡಿ ಇನ್ನೊಂದು ಸಲ ಹಣ ಹೋಗಿಬಿಡಬಹುದು. ಒಂದು ಆರ್ಥಿಕ ವರ್ಷದಲ್ಲಿ ಒಬ್ಬ ವ್ಯಾಪಾರಿಯ ಎರಡು ಬಿಲ್ಲುಗಳಿಗೆ ಒಂದೇ ಸಂಖ್ಯೆ ಇರುವಂತಿಲ್ಲ. ಆದ್ದರಿಂದ ಹಣ ಕೊಡುವ ಮೊದಲು ಬಿಲ್ಲಿನ ಸಂಖ್ಯೆಯನ್ನು ಹಿಂದಿನ ಓಚರುಗಳಲ್ಲಿ ಹುಡುಕಿ. ಕೊಟ್ಟ ಮೇಲೆ ಮೂಲ ಪ್ರತಿಯ ಮೇಲೆಯೇ "ಪಾವತಿಯಾಗಿದೆ" ಎಂದು ಬರೆದು ಚೆಕ್ಕಿನ ಸಂಖ್ಯೆ, ದಿನಾಂಕ ಹಾಕಿ. ಫೋಟೊ ನೋಡಿ ಚೆಕ್ ಬರೆಯಬೇಡಿ.

ಸರಿಪಡಿಸಿದ ಲೆಕ್ಕ

ಈಗ ಬಿಲ್ಲನ್ನು ಮೊದಲಿಂದ ಕಟ್ಟೋಣ. ತೆರಿಗೆ ಇಲ್ಲದ ಬೂಸಾ 37,500. ಶೇ. 5ರ ಕ್ಯಾನ್ 12,800, ತೆರಿಗೆ 640. ಶೇ. 18ರ ಗುಂಪಿನಲ್ಲಿ ಯಂತ್ರ 8,500, ಬಕೆಟ್ 1,110 ಸೇರಿ 9,610, ತೆರಿಗೆ 1,729.80. ಸರಕಿನ ಮೊತ್ತ 59,910. ತೆರಿಗೆ 2,369.80, ಅಂದರೆ ಕೇಂದ್ರಕ್ಕೆ 1,184.90, ರಾಜ್ಯಕ್ಕೆ 1,184.90. ಒಟ್ಟು 62,279.80. ಹತ್ತಿರದ ರೂಪಾಯಿಗೆ ತಂದರೆ 62,280.

ಬಿಲ್ಲಿನಲ್ಲಿ 64,356 ಇತ್ತು. ವ್ಯತ್ಯಾಸ 2,076. ಇದು ಸರಿಯೇ ಎಂದು ಇನ್ನೊಂದು ದಾರಿಯಿಂದಲೂ ನೋಡಬೇಕು. ಬಕೆಟ್ಟಿನಿಂದ 118, ಬ್ಯಾಟರಿಯಿಂದ 1,062, ಕ್ಯಾನಿನ ತೆರಿಗೆಯಿಂದ 896. ಮೂರನ್ನೂ ಕೂಡಿದರೆ 2,076. ಎರಡು ದಾರಿಯಲ್ಲೂ ಒಂದೇ ಉತ್ತರ ಬಂತು. ಹೀಗೆ ತಾಳೆಯಾದ ಮೇಲೆಯೇ ಅಂಗಡಿಯವರ ಹತ್ತಿರ ಮಾತಾಡಬೇಕು. ನಮ್ಮ ಲೆಕ್ಕವೇ ತಪ್ಪಿದ್ದರೆ ಮುಂದಿನ ಸಲ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಅಂಗಡಿಯವರಿಗೆ ಹೇಳಿದ್ದು

ಕಾರ್ಯದರ್ಶಿ ಮರುದಿನ ಅಂಗಡಿಗೆ ಹೀಗೆ ಬರೆದು ಕಳಿಸಿದರು: "ಅಕ್ಟೋಬರ್ 18ರ ಬಿಲ್ಲನ್ನು ನೋಡಿದೆವು. ಮೂರನೇ ಸಾಲಿನಲ್ಲಿ 6 × 185 ಎಂದರೆ 1,110 ಆಗುತ್ತದೆ, ಬಿಲ್ಲಿನಲ್ಲಿ 1,210 ಇದೆ. ಹಾಲಿನ ಕ್ಯಾನಿಗೆ ಸೆಪ್ಟೆಂಬರ್ 22ರಿಂದ ಶೇ. 5, ಬಿಲ್ಲಿನಲ್ಲಿ ಶೇ. 12 ಹಾಕಿದೆ. ಐದನೇ ಸಾಲಿನ ಬ್ಯಾಟರಿ ನಿಮ್ಮ ದರಪಟ್ಟಿಯಂತೆ ಯಂತ್ರದ ಬೆಲೆಯಲ್ಲೇ ಸೇರಿದೆ, ಬೇರೆ ಬ್ಯಾಟರಿ ನಮಗೆ ಬಂದಿಲ್ಲ. ನಮ್ಮ ಲೆಕ್ಕದಂತೆ ಒಟ್ಟು 62,280 ಆಗುತ್ತದೆ. ದಯವಿಟ್ಟು ನೋಡಿ ತಿಳಿಸಿ."

ಇದರಲ್ಲಿ ಬೈಗುಳವಿಲ್ಲ, ಮೋಸ ಎಂಬ ಮಾತಿಲ್ಲ. ಯಾವ ಸಾಲು, ಇರಬೇಕಾದದ್ದು ಎಷ್ಟು, ಇರುವುದು ಎಷ್ಟು ಎಂದಷ್ಟೇ ಇದೆ. ಸರಿಯಿದ್ದ ಬೂಸಾದ ವಿಷಯ ಎತ್ತಿಲ್ಲ. ಅಂಗಡಿಯವರು ಸಂಜೆಯೊಳಗೆ ಒಪ್ಪಿಕೊಂಡರು.

ತಪ್ಪನ್ನು ಹೇಗೆ ಸರಿಪಡಿಸಿಕೊಳ್ಳಬೇಕು ಎಂಬುದೂ ಮುಖ್ಯ. ಕೆಲವು ಸಂಘಗಳಲ್ಲಿ ಬಿಲ್ಲಿನ ಮೇಲೆಯೇ ಪೆನ್ನಿನಿಂದ ಹೊಡೆದು ಹೊಸ ಮೊತ್ತ ಬರೆದುಬಿಡುತ್ತಾರೆ. ಅದು ಆಡಿಟ್ಟಿನಲ್ಲಿ ನಿಲ್ಲುವುದಿಲ್ಲ. ತಿದ್ದಿದವರು ಯಾರು ಎಂಬ ಪ್ರಶ್ನೆ ಕಾರ್ಯದರ್ಶಿಯ ಕುತ್ತಿಗೆಗೆ ಬರುತ್ತದೆ. ಬಿಲ್ಲಿನಲ್ಲಿ ಬೆಲೆಯೋ ತೆರಿಗೆಯೋ ಹೆಚ್ಚಾಗಿ ಬಿದ್ದಿದ್ದರೆ ಅಷ್ಟು ಮೊತ್ತಕ್ಕೆ ಮಾರಿದವರು ಕ್ರೆಡಿಟ್ ನೋಟ್ ಕೊಡುತ್ತಾರೆ. ಅದರಲ್ಲಿ ಮೂಲ ಬಿಲ್ಲಿನ ಸಂಖ್ಯೆ, ದಿನಾಂಕ ಇರಬೇಕು. ಈ ಸಂಘ 64,356ರ ಬಿಲ್ಲನ್ನೂ 2,076ರ ಕ್ರೆಡಿಟ್ ನೋಟನ್ನೂ ಒಟ್ಟಿಗೆ ಪಿನ್ ಮಾಡಿ, 62,280ಕ್ಕೆ ಚೆಕ್ ಬರೆಯಿತು. ಮೂರು ಕಾಗದಗಳ ಅಂಕಿಗಳೂ ಒಂದಕ್ಕೊಂದು ಹೊಂದುತ್ತವೆ. ಆಡಿಟರಿಗೆ ಕೇಳಲು ಏನೂ ಉಳಿಯಲಿಲ್ಲ.

ತೆರಿಗೆ ಹಾಕಿದ ಬಿಲ್ಲಿನಲ್ಲಿ ಇನ್ನೊಂದನ್ನು ನೋಡಲು ಮರೆಯಬೇಡಿ. ವ್ಯಾಪಾರಿಯ 15 ಅಕ್ಷರ ಮತ್ತು ಅಂಕಿಗಳ ಜಿಎಸ್‌ಟಿ ಸಂಖ್ಯೆ ಅದರಲ್ಲಿ ಇರಲೇಬೇಕು. ಕರ್ನಾಟಕದ ವ್ಯಾಪಾರಿಯದಾದರೆ ಅದು 29ರಿಂದ ಆರಂಭವಾಗುತ್ತದೆ. ಆ ಸಂಖ್ಯೆ ಇಲ್ಲದೆ ತೆರಿಗೆ ಕೇಳುವಂತಿಲ್ಲ. ಕಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ವ್ಯಾಪಾರಿಗಳಿಗೆ ಸಂಖ್ಯೆ ಇರುತ್ತದೆ. ಆದರೆ ಅವರು ಕೊಳ್ಳುವವರಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಹಾಗೆಂದು ಬಿಲ್ಲಿನ ಮೇಲೆಯೇ ಬರೆದಿರಬೇಕು.

ಗುಂಪಿಗೆ ಹಾಕುವ ಮುನ್ನ

ಈಗ ಆ ಸಂಘದಲ್ಲಿ ಒಂದು ಸಣ್ಣ ಬದಲಾವಣೆಯಾಗಿದೆ. ಕಾರ್ಯದರ್ಶಿ ಗುಂಪಿಗೆ ಬಿಲ್ಲಿನ ಫೋಟೊ ಹಾಕುವಾಗ ಕೆಳಗೆ ಒಂದೆರಡು ಸಾಲು ಬರೆಯುತ್ತಾರೆ. ಹಣ ಕೊಟ್ಟಾಗಿದೆಯೇ ಇಲ್ಲವೇ, ಸರಕು ಪೂರ್ತಿ ಬಂದಿದೆಯೇ, ತಮಗೆ ಯಾವ ಸಾಲಿನ ಬಗ್ಗೆ ಅನುಮಾನ ಎಂಬುದು ಅದರಲ್ಲಿರುತ್ತದೆ. ದರಪಟ್ಟಿ, ಚಲನ್ ಫೋಟೊಗಳೂ ಜೊತೆಯಲ್ಲೇ ಬರುತ್ತವೆ. ನಿರ್ದೇಶಕಿಯರೂ ಬರೀ ಹೆಬ್ಬೆರಳು ಒತ್ತುವುದನ್ನು ಬಿಟ್ಟಿದ್ದಾರೆ. "ಅಡ್ಡ ನೋಡಿದೆ, ಸರಿ" ಎಂದು ಒಬ್ಬರು, "ತೆರಿಗೆ ನೋಡಿದೆ, ಸರಿ" ಎಂದು ಇನ್ನೊಬ್ಬರು, "ಚಲನ್ ತಾಳೆಯಾಯಿತು" ಎಂದು ಮತ್ತೊಬ್ಬರು ಬರೆಯುತ್ತಾರೆ.

ಕಳೆದ ಸಲ ಅಲ್ಲಿಗೆ ಹೋದಾಗ ಕಾರ್ಯದರ್ಶಿ ಹೇಳಿದ ಮಾತು ಇದು: "ಮೊದ್ಲು ಕೇಳೋಕೆ ನಾಚಿಕೆ ಆಗ್ತಿತ್ತು. ಆಡಿಟ್ಟಲ್ಲಿ ಸಿಕ್ಕಿದ್ರೆ ಎರಡು ಸಾವಿರ ನನ್ನ ಸಂಬಳದಿಂದಲೇ ಕಟ್ಟಬೇಕಿತ್ತು. ಈಗ ಕೇಳೋದೇ ವಾಸಿ ಅನ್ನಿಸ್ತದೆ."

ಅವರ ಮೇಜಿನ ಮೇಲೆ ಹೊಸ ಬಿಲ್ಲೊಂದು ಇತ್ತು. ಮೇಲ್ಗಡೆ ಪೆನ್ಸಿಲ್ಲಿನಲ್ಲಿ ಬರೆದಿದ್ದರು: "ನಾಲ್ಕನೇ ಸಾಲು, ಚಲನ್ ನೋಡಬೇಕು."